ತೊಟ್ಟಿಮನೆ ರೆಕ್ಕಿ: ಫೋನ್ ಆ್ಯಪ್ ಸಾಕೇ, ಟೇಪು-ಮಲ್ಟಿಮೀಟರ್ ಬೇಕೇ?

ಕಿರುಚಿತ್ರ, ಮಾತನ್ನು ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಮಾಡುವ ಸಿಂಕ್ ಸೌಂಡ್, ಎರಡು ದಿನದ ಕಾಲ್‌ಶೀಟ್, ರಾಮನಗರದ ಸುತ್ತಲಿನ ಒಂದು ತೊಟ್ಟಿಮನೆ. ಇಂಥ ಕೆಲಸಕ್ಕೆ ರೆಕ್ಕಿ ಮಾಡಲು, ಅಂದರೆ ಶೂಟಿಗೆ ಮೊದಲೇ ಜಾಗ ನೋಡಿ ಪರೀಕ್ಷಿಸಲು, ಈಗ ಎರಡು ದಾರಿಗಳಿವೆ. ಒಂದು, ಫೋನ್ ಒಂದನ್ನೇ ಹಿಡಿದು ಹೋಗುವುದು: ಕ್ಯಾಮೆರಾ ಎತ್ತಿದರೆ ಆಕಾಶದಲ್ಲಿ ಸೂರ್ಯನ ದಾರಿ ತೋರಿಸುವ ಆ್ಯಪ್, ಡೆಸಿಬೆಲ್ ತೋರಿಸುವ ಇನ್ನೊಂದು ಆ್ಯಪ್, ಕರೆಂಟಿನ ವಿಷಯಕ್ಕೆ ಮನೆಯವರ ಮಾತು. ಇನ್ನೊಂದು, ಒಂದು ಚೀಲ: ಅಳತೆ ಟೇಪು, ರೆಕಾರ್ಡರ್ ಮತ್ತು ಶೂಟಿಗೆ ಬಳಸುವ ಅದೇ ಮೈಕು, ಹೆಡ್‌ಫೋನು, ಮಲ್ಟಿಮೀಟರು, ನೀರು ಕಾಯಿಸುವ ಹೀಟರ್ ರಾಡು. ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಓಟು ಚೀಲಕ್ಕೇ. ಮೊದಲು ಫೋನಿನಲ್ಲೇ ಮುಗಿಸಿ ದಿನಾಂಕ ಪಕ್ಕಾ ಮಾಡಿದ್ದರ ಫಲ ಅನುಭವಿಸಿದ ಮೇಲೆ ಬಂದ ತೀರ್ಮಾನ ಇದು.

ಮೂರನೆಯ ದಾರಿಯೂ ಒಂದಿದೆ, ಮ್ಯಾನೇಜರ್ ಕಳಿಸುವ ವಾಟ್ಸಾಪ್ ವಿಡಿಯೋ. ಮನೆ ಇದೆ ಎನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ.

ಫೋನಿನ ತೊಂದರೆಯಿಂದಲೇ ಶುರು ಮಾಡುತ್ತೇನೆ. ಸೂರ್ಯನ ದಾರಿಯ ಲೆಕ್ಕದಲ್ಲಿ ಆ್ಯಪ್‌ಗಳು ತಪ್ಪುವುದಿಲ್ಲ. ದಿನಾಂಕ, ಜಾಗ, ಹೊತ್ತು ಕೊಟ್ಟರೆ ಸೂರ್ಯ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿ ಇರುತ್ತಾನೆಂದು ಸರಿಯಾಗಿಯೇ ಹೇಳುತ್ತವೆ. ತಪ್ಪುವುದು ಫೋನಿನೊಳಗಿನ ದಿಕ್ಸೂಚಿ. ಉತ್ತರ ಯಾವ ಕಡೆ ಎಂದು ಫೋನಿಗೆ ತಪ್ಪು ತಿಳಿದರೆ ಪರದೆಯ ಮೇಲಿನ ಇಡೀ ದಾರಿಯೇ ಪಕ್ಕಕ್ಕೆ ತಿರುಗಿಬಿಡುತ್ತದೆ. ಕಬ್ಬಿಣದ ಕಂಬಿಯ ಕಿಟಕಿ, ಗಾಡ್ರೆಜ್ ಬೀರು, ಹೊಸದಾಗಿ ಹಾಕಿಸಿದ ಆರ್‌ಸಿಸಿ ಮಾಳಿಗೆಯ ಸರಳು, ಅಂಗಳದಲ್ಲಿ ನಿಂತ ಯೂನಿಟ್ ಗಾಡಿ, ಫೋನಿನ ಹಿಂದೆಯೇ ಇರುವ ಆಯಸ್ಕಾಂತದ ಕವರ್, ಇವುಗಳಲ್ಲಿ ಯಾವುದಾದರೂ ಹತ್ತಿರವಿದ್ದರೆ 15 ಡಿಗ್ರಿ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ಫೋನನ್ನು ಎಂಟರ ಆಕಾರದಲ್ಲಿ ತಿರುಗಿಸಿ ಸರಿಪಡಿಸಿದೆವು ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಆ ತಿರುಗಾಟ ಫೋನಿನ ಸ್ವಂತ ದೋಷವನ್ನು ಕಳೆಯುತ್ತದೆಯೇ ಹೊರತು ಪಕ್ಕದ ಬೀರುವಿನ ಎಳೆತವನ್ನಲ್ಲ.

15 ಡಿಗ್ರಿ ಎಂದರೆ ಎಷ್ಟು? ಅದು ಹೊತ್ತಿನ ಮೇಲೆ ನಿಂತಿದೆ. ಶೂಟು ಜನವರಿ 20ಕ್ಕೆ ಎಂದುಕೊಳ್ಳಿ. ಆ ದಿನ ಈ ಕಡೆ ಸೂರ್ಯ ಹುಟ್ಟಿದಾಗಿನಿಂದ ಬೆಳಿಗ್ಗೆ ಒಂಬತ್ತೂವರೆಯವರೆಗೆ ಪಕ್ಕಕ್ಕೆ ಸರಿಯುವುದೇ ಒಟ್ಟು 15 ಡಿಗ್ರಿ. ಆ ಹೊತ್ತಿನಲ್ಲಿ ಅವನು ಹೆಚ್ಚಾಗಿ ಮೇಲಕ್ಕೇ ಏರುತ್ತಿರುತ್ತಾನೆ. ಅದೇ ನಡುಹಗಲಿನಲ್ಲಿ ಒಂದೇ ಗಂಟೆಗೆ 24 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಮಧ್ಯಾಹ್ನದ ದೃಶ್ಯಕ್ಕೆ ಈ ತಪ್ಪಿನ ಬೆಲೆ ಅರ್ಧ ಗಂಟೆ ಚಿಲ್ಲರೆ, ಕಾದರೆ ಬಿಸಿಲು ಬರುತ್ತದೆ. ಬೆಳಗಿನ ದೃಶ್ಯಕ್ಕೆ ಹಾಗಲ್ಲ. ಪಕ್ಕದ ಮನೆಯ ಗೋಡೆಯಾಚೆಯಿಂದ ಕಿಟಕಿಗೆ ಬರುತ್ತದೆಂದು ಆ್ಯಪ್ ತೋರಿಸಿದ ಬಿಸಿಲು ಆ ಬೆಳಗಿನಲ್ಲಿ ಬಾರದೆಯೇ ಹೋಗಬಹುದು.

ಪತ್ತೆ ಹಚ್ಚುವುದು ಸುಲಭ. ಬಿಸಿಲಿರುವಾಗ ಫೋನನ್ನು ನಿಜವಾದ ಸೂರ್ಯನ ಕಡೆ ಹಿಡಿದು, ಆ್ಯಪಿನ ಸೂರ್ಯ ಅದರ ಮೇಲೇ ಕೂರುತ್ತಾನೆಯೇ ನೋಡಿ. ಆಮೇಲೆ ಒಂದು ನೇರ ಗೋಡೆಗೆ ಫೋನಿನ ಅಂಚು ಒತ್ತಿ, ಮೂರಡಿಗೊಮ್ಮೆ ಸರಿಸುತ್ತಾ ದಿಕ್ಸೂಚಿ ಓದಿ. ಗೋಡೆ ಒಂದೇ, ಅಂಕಿಯೂ ಒಂದೇ ಇರಬೇಕು. ಐದು ಡಿಗ್ರಿಗಿಂತ ಹೆಚ್ಚು ಕುಣಿದರೆ ಆ ಮನೆಯೊಳಗೆ ದಿಕ್ಸೂಚಿಯನ್ನು ಮರೆತುಬಿಡಿ. ಮೊದಲ ಪರೀಕ್ಷೆಯೊಂದೇ ಸಾಲದು, ಏಕೆಂದರೆ ತೊಟ್ಟಿಯ ನಡುವೆ ಸರಿಯಿದ್ದ ಫೋನು ಕಿಟಕಿಯ ಬಳಿ ತಪ್ಪುತ್ತದೆ, ನಮಗೆ ಬೇಕಾದದ್ದು ಕಿಟಕಿಯೇ.

ಮನೆಯವರನ್ನು ಕೇಳಿದರೆ ವಾಸ್ತು ಪ್ರಕಾರ ಪೂರ್ವದ ಬಾಗಿಲು ಎನ್ನುತ್ತಾರೆ. ಅದು ಬೀದಿಯ ಪೂರ್ವ. ಬೀದಿ ಓರೆಯಿದ್ದರೆ ಪೂರ್ವವೂ ಓರೆ.

ಚೀಲದ ದಾರಿಯಲ್ಲಿ ದಿಕ್ಸೂಚಿಯೇ ಬೇಡ. ಮನೆಯಲ್ಲೇ ಕೂತು suncalc.org ತೆರೆದು, ಉಪಗ್ರಹ ನಕ್ಷೆಯಲ್ಲಿ ಆ ಮನೆಯ ಹೆಂಚಿನ ಸೂರು ಕಾಣುವಷ್ಟು ಹತ್ತಿರ ಹೋಗಿ, ಶೂಟಿನ ದಿನಾಂಕ ಹಾಕಿ. ಸೂರ್ಯನ ಗೆರೆ ಗೋಡೆಗೆ ಯಾವ ಕೋನದಲ್ಲಿದೆ ಎಂದು ನಕ್ಷೆಯ ಮೇಲೇ ಕಾಣುತ್ತದೆ. ಆಮೇಲೆ ಸ್ಥಳದಲ್ಲಿ ಗೋಡೆಯೇ ನಿಮ್ಮ ದಿಕ್ಸೂಚಿ. ಉಳಿದದ್ದು ಟೇಪಿನ ಕೆಲಸ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ತೊಟ್ಟಿ ತೆಂಕಣದಿಂದ ಬಡಗಣಕ್ಕೆ 12 ಅಡಿ, ಗೋಡೆಗಳು ನಿಜವಾದ ದಿಕ್ಕಿಗೇ ಇವೆ. ತೊಟ್ಟಿಯ ನೆಲದಿಂದ ಸೂರಿನ ಅಂಚಿಗೆ 9 ಅಡಿ, ಸುತ್ತಲ ಜಗಲಿ ಒಂದೂವರೆ ಅಡಿ ಎತ್ತರ, ಸೂರು ಜಗಲಿಯ ಅಂಚಿಗೆ ನೇರವಾಗಿದೆ. ಜನವರಿ 20ರಂದು ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ 57 ಡಿಗ್ರಿ ಎತ್ತರದಲ್ಲಿರುತ್ತಾನೆ. ಆ ಎತ್ತರಕ್ಕೆ ಒಂದಡಿಯ ವಸ್ತುವಿನ ನೆರಳು ಎಂಟು ಇಂಚಿಗೆ ಚೂರು ಕಡಿಮೆ. ಅಂದರೆ ದಕ್ಷಿಣದ ಸೂರಿನ ನೆರಳು ತೊಟ್ಟಿಯ ನೆಲದಲ್ಲಿ ಸುಮಾರು ಆರಡಿ, ಅರ್ಧ ತೊಟ್ಟಿ ನೆರಳು. ಉತ್ತರದ ಸೂರಿನ ಕೆಳಗೆ ನುಸುಳುವ ಬಿಸಿಲು ಜಗಲಿಯ ಮೇಲೆ ಹೆಚ್ಚುಕಡಿಮೆ ಐದಡಿ ಒಳಕ್ಕೆ ಹೋಗುತ್ತದೆ. ಅಜ್ಜಿ ಕೂತು ಅಕ್ಕಿ ಆರಿಸುವ ದೃಶ್ಯಕ್ಕೆ ಜಾಗ ಅದೇ, ಉತ್ತರದ ಜಗಲಿ.

ಮುಂದಿನ ಒಂದು ಗಂಟೆಯಲ್ಲಿ ಆ ಬಿಸಿಲಿನ ಚೌಕ ಒಳಕ್ಕೂ ಹೊರಕ್ಕೂ ಅಷ್ಟಾಗಿ ಸರಿಯುವುದಿಲ್ಲ, ಪೂರ್ವಕ್ಕೆ ಸುಮಾರು ಎರಡೂಕಾಲು ಅಡಿ ಜಾರುತ್ತದೆ. ಶಾಟಿನಿಂದ ಶಾಟಿಗೆ ಬೆಳಕು ಒಂದೇ ಥರ ಇರಬೇಕಾದ, ಕಂಟಿನ್ಯೂಟಿ ಕಾಯಬೇಕಾದ ದೃಶ್ಯವಾದರೆ ಅಜ್ಜಿಯನ್ನು ಚೌಕದ ಪೂರ್ವದ ಅಂಚಿನಲ್ಲಿ ಕೂರಿಸಿ ಶುರು ಮಾಡಿ, ಚೌಕ ಅವರನ್ನು ದಾಟಿ ಹೋಗಲು ಹೊತ್ತು ಹಿಡಿಯುತ್ತದೆ.

ಇದೇ ಮನೆ, ಇದೇ ಜಗಲಿ, ಏಪ್ರಿಲ್ ಕೊನೆಯ ವಾರವಾದರೆ ಸೂರ್ಯ ನೆತ್ತಿಯ ಮೇಲೆ. ತೊಟ್ಟಿಯ ನೆಲವೆಲ್ಲ ಬಿಸಿಲು, ಜಗಲಿಗೆ ನಡುಹಗಲಿನಲ್ಲಿ ಒಂದಿಂಚೂ ಇಲ್ಲ. ಜೂನ್ 21ಕ್ಕೆ ಸೂರ್ಯ ನಮ್ಮ ಉತ್ತರಕ್ಕೆ ಹೋಗಿರುತ್ತಾನೆ, ಬಿಸಿಲು ಬೀಳುವುದು ದಕ್ಷಿಣದ ಜಗಲಿಗೆ, ಅದೂ ಒಂದೂವರೆ ಅಡಿಯೊಳಗೆ. ಉತ್ತರದ ಕಿಟಕಿಯಲ್ಲಿ ವರ್ಷವಿಡೀ ಮೆತ್ತನೆ ಬೆಳಕು ಎನ್ನುವ ಮಾತು ಯುರೋಪಿನ ಸ್ಟುಡಿಯೋಗಳದು. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅದನ್ನು ನಂಬಬೇಡಿ.

ರೆಕ್ಕಿಯ ದಿನವನ್ನು ಆರಿಸುವುದಕ್ಕೂ ಒಂದು ಉಪಾಯವಿದೆ. ಡಿಸೆಂಬರ್ 21ರಿಂದ ಆ ಕಡೆ ಈ ಕಡೆ ಹೆಚ್ಚುಕಡಿಮೆ ಸಮ ದೂರದ ದಿನಗಳಲ್ಲಿ ಸೂರ್ಯನ ದಾರಿ ಒಂದೇ. ಜನವರಿ 20ರ ಬಿಸಿಲನ್ನು ನವೆಂಬರ್ 22ರಂದೇ ಕಣ್ಣಾರೆ ನೋಡಬಹುದು. ಗಡಿಯಾರ ಮಾತ್ರ ಬೇರೆ: ರಾಮನಗರದಲ್ಲಿ ಸೂರ್ಯನ ನಡುಹಗಲು ನವೆಂಬರ್ 22ಕ್ಕೆ 12.07ಕ್ಕೆ, ಜನವರಿ 20ಕ್ಕೆ 12.32ಕ್ಕೆ. ನವೆಂಬರಿನಲ್ಲಿ ಹತ್ತಕ್ಕೆ ಕಂಡ ನೆರಳು ಜನವರಿಯಲ್ಲಿ ಹತ್ತು ಇಪ್ಪತ್ತೈದಕ್ಕೆ ಬರುತ್ತದೆ. ಕಾಲ್‌ಶೀಟಿಗೆ ಈ 25 ನಿಮಿಷ ಸೇರಿಸಿ.

ಸದ್ದಿನಲ್ಲಿ ಫೋನು ಇನ್ನೂ ಹಿಂದೆ. ಡೆಸಿಬೆಲ್ ಆ್ಯಪ್ ಸಾಮಾನ್ಯವಾಗಿ ತೋರಿಸುವ ಡಿಬಿ-ಎ ಅಳತೆ ಕಿವಿಯ ಲೆಕ್ಕಕ್ಕೆ ಹೊಂದಿಸಿದ್ದು, ತಗ್ಗಿನ ಸದ್ದನ್ನು ಬೇಕೆಂದೇ ಕಡಿಮೆ ಎಣಿಸುತ್ತದೆ. 100 ಹರ್ಟ್ಸಿನ ಗುಂಯ್‌ಗುಡುವಿಕೆಯಲ್ಲಿ 19 ಡೆಸಿಬೆಲ್ ಕಳೆದೇ ತೋರಿಸುತ್ತದೆ. ಬೋರ್‌ವೆಲ್ ಮೋಟರು, ಹಿಟ್ಟಿನ ಗಿರಣಿ, ದೂರದ ಜನರೇಟರು ಎಲ್ಲವೂ ಆ ತಗ್ಗಿನವೇ. ಆ್ಯಪ್ 38 ಎಂದು ಹಸಿರು ತೋರಿಸುತ್ತದೆ, ಮೈಕಿನಲ್ಲಿ ಸಂಭಾಷಣೆಯ ಕೆಳಗೆ ಮೋಟರು ಕೂತಿರುತ್ತದೆ. ಹಾಗಾಗಿ ಕಲಾವಿದರು ಕೂರುವ ಜಾಗದಲ್ಲೇ ಶೂಟಿನ ಮೈಕು ಇಟ್ಟು, ಶೂಟಿನ ದೂರದಿಂದ ಒಬ್ಬರು ನಾಲ್ಕು ಸಾಲು ಮೆಲ್ಲಗೆ ಮಾತಾಡಿ, ರೆಕಾರ್ಡರ್ ಸದ್ದು ಹಿಡಿಯುವ ಮಟ್ಟವಾದ ಗೇನ್ ಅನ್ನು ಆ ಮಾತಿಗೆ ಹೊಂದಿಸಿ, ಆಮೇಲೆ ಗೇನ್ ಮುಟ್ಟದೆ ಐದು ನಿಮಿಷ ಖಾಲಿ ಸದ್ದು ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ. ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಸಂಜೆ ಐದಕ್ಕೆ, ಮೂರು ಸಲ. ವಾರದ ಅದೇ ದಿನ ಹೋಗಿ, ಸಂತೆಯ ದಿನದ ಊರೇ ಬೇರೆ. ಡಿಸೆಂಬರ್ ನಡುವಿನಲ್ಲಿ ಹೋದರೆ ಧನುರ್ಮಾಸದ ಸುಪ್ರಭಾತದ ಮೈಕು ಕೇಳಿಸಿ ಗಾಬರಿಯಾಗಬಹುದು, ಸಂಕ್ರಾಂತಿ ಕಳೆದರೆ ಆ ಪೂಜೆ ಮುಗಿದಿರುತ್ತದೆ. ಒಕ್ಕಣೆಯ ಮಷಿನು ಯಾವ ಹೊಲಕ್ಕೆ ಯಾವಾಗ ಬರುತ್ತದೆ ಎನ್ನುವುದನ್ನು ಊರಿನವರನ್ನೇ ಕೇಳಬೇಕು.

ಸದ್ದೂ ಕರೆಂಟೂ ಹಳ್ಳಿಯಲ್ಲಿ ಒಂದೇ ವಿಷಯ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವ ಹೊತ್ತು ಬಂತೆಂದರೆ ಸುತ್ತಲ ಹೊಲಗಳ ಮೋಟರುಗಳು ಒಟ್ಟಿಗೆ ಶುರುವಾಗುತ್ತವೆ. ಮನೆಗೂ ಹೊಲಕ್ಕೂ ಒಂದೇ ಲೈನಾದರೆ ಮನೆಯ ವೋಲ್ಟೇಜೂ ಅದೇ ಹೊತ್ತಿಗೆ ಕುಸಿಯುತ್ತದೆ. ಈ ವಾರ ತ್ರೀ ಫೇಸ್ ಎಷ್ಟರಿಂದ ಎಷ್ಟರವರೆಗೆ ಎಂದು ಲೈನ್‌ಮನ್‌ಗೆ ಗೊತ್ತಿರುತ್ತದೆ, ಪಕ್ಕದ ರೈತರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಡೈಲಾಗಿನ ದೃಶ್ಯಗಳನ್ನು ಆ ಹೊತ್ತಿನಿಂದ ಆಚೆಗಿಡಿ.

ಮನೆಯವರು ಕರೆಂಟಿಗೇನೂ ತೊಂದರೆಯಿಲ್ಲ ಎಂದರೆ ಟಿವಿ, ಫ್ಯಾನು ಓಡುತ್ತವೆ ಎಂದರ್ಥ. ಮೊದಲು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ನೋಡಿ. ಆಮೇಲೆ ಲೈಟ್‌ಮನ್ ಕೈಯಲ್ಲಿ ಹೀಗೆ ಪರೀಕ್ಷೆ ಮಾಡಿಸಿ: ದಪ್ಪ ಪಿನ್ನಿನ ಸಾಕೆಟ್ಟಿನಲ್ಲಿ ಲೋಡಿಲ್ಲದೆ ವೋಲ್ಟೇಜ್ ಓದಿ, ಬಕೆಟ್ ನೀರಿನಲ್ಲಿ 1500 ವ್ಯಾಟಿನ ರಾಡು ಹಾಕಿ ಅದೇ ಲೈನಿನ ಇನ್ನೊಂದು ಸಾಕೆಟ್ಟಿನಲ್ಲಿ ಮತ್ತೆ ಓದುವುದು. 228 ಇದ್ದದ್ದು 224 ಆದರೆ ಚಿಂತೆಯಿಲ್ಲ. 214ಕ್ಕೆ ಬಿದ್ದರೆ ವೈರು ತೆಳು ಅಥವಾ ಎಲ್ಲೋ ಜಾಯಿಂಟು ಸಡಿಲ, ರಾಡಿನ ಮೂರರಷ್ಟು ಲೋಡ್ ಹಾಕಿದರೆ 186ರ ಹತ್ತಿರ ಹೋಗುತ್ತದೆ. ಎಲ್‌ಇಡಿ ಲೈಟುಗಳು ಅಷ್ಟರಲ್ಲೂ ಉರಿಯಬಹುದು, ಅದೇ ಅಪಾಯ: ವೋಲ್ಟೇಜ್ ಬಿದ್ದಷ್ಟೂ ಅವು ಹೆಚ್ಚು ಆಂಪಿಯರ್ ಎಳೆದು ಗೋಡೆಯೊಳಗಿನ ವೈರು ಕಾಯಿಸುತ್ತವೆ. ಅರ್ಥ್ ಕೂಡ ನೋಡಿ. ಫೇಸ್‌ನಿಂದ ಅರ್ಥ್‌ಗೆ ಹೆಚ್ಚುಕಡಿಮೆ ಫೇಸ್-ನ್ಯೂಟ್ರಲ್ ಅಷ್ಟೇ ವೋಲ್ಟೇಜ್ ಬರಬೇಕು. ಬರದಿದ್ದರೆ ಹಳೆಯ ಮನೆಯಲ್ಲಿ ಮೂರನೇ ಪಿನ್ನು ಬರೀ ಅಲಂಕಾರ.

ಜನರೇಟರ್ ತರಿಸುವುದಾದರೆ ನಿಲ್ಲಿಸುವ ಜಾಗವನ್ನೂ ಅದೇ ದಿನ ಟೇಪಿನಲ್ಲಿ ಅಳೆಯಿರಿ. ಸೈಲೆಂಟ್ ಡೀಸೆಲ್ ಜನರೇಟರ್ ಎಂದರೂ ನಿಯಮ ಬಿಡುವುದು ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಹೆಚ್ಚೆಂದರೆ 6 ಇಳಿಯುತ್ತದೆ, ಹಾಗಾಗಿ 50 ಮೀಟರು ಆಚೆ, ನಡುವೆ ಒಂದು ಗೋಡೆ ಎನ್ನುವುದು ನಮ್ಮ ಲೆಕ್ಕ. ಆ ದೂರಕ್ಕೆ 2.5 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ 15 ಆಂಪಿಯರ್ ಹರಿದರೆ 11 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4 ಚದರ ಮಿ.ಮೀ. ಆದರೆ 7. ದಪ್ಪದ್ದನ್ನೇ ಕೇಳಿ.

ಆ್ಯಪನ್ನು ನಾವು ಅಳಿಸಿಲ್ಲ. ಐದು ಮನೆಗಳಲ್ಲಿ ಎರಡನ್ನು ಉಳಿಸಿಕೊಳ್ಳುವ ಮೊದಲ ಸುತ್ತಿಗೆ ಅದು ಬೇಗ ಆಗುತ್ತದೆ. ಹಾಡು ಅಥವಾ ಡಬ್ಬಿಂಗ್ ಇರುವ ಕೆಲಸವಾದರೆ ಸದ್ದಿನ ಭಾಗ ಬಿಟ್ಟು ಅಷ್ಟರಲ್ಲೇ ಮುಗಿಸಬಹುದು. ದೊಡ್ಡ ಲೈಟುಗಳಿಂದ ಬಿಸಿಲನ್ನೇ ಹುಟ್ಟಿಸುವಷ್ಟು ಬಜೆಟ್ ಇರುವವರಿಗೆ ತೊಟ್ಟಿಯ ಲೆಕ್ಕವೂ ಬೇಡ. ನಮ್ಮದು ಸಿಂಕ್ ಸೌಂಡು, ನಾಲ್ಕು ಎಲ್‌ಇಡಿ, ಮಧ್ಯಾಹ್ನದ ಬಿಸಿಲೇ ಮುಖ್ಯ ಲೈಟು. ಐನೂರು ರೂಪಾಯಿ ಆಸುಪಾಸಿನ ಮಲ್ಟಿಮೀಟರು, ಮನೆಯಲ್ಲೇ ಇದ್ದ ರಾಡು, ಹೇಗೂ ಇರುವ ಮೈಕು. ಚೀಲ ಹೊತ್ತು ಒಂದು ಇಡೀ ದಿನ ಆ ಮನೆಯಲ್ಲಿ ಕೂರುತ್ತೇವೆ, ಸಂಜೆ ಐದರ ರೆಕಾರ್ಡಿಂಗ್ ಕೇಳಿದ ಮೇಲೆಯೇ ಮುಂಗಡ ಕೊಡುತ್ತೇವೆ.