ಚಕ್ಕುಬಂದಿ ಒಂದು ಜಮೀನಿನದು, ಹಿಸ್ಸಾ ನಂಬರು ಇನ್ನೊಂದರದು: ಮುಂಗಡ ಕೊಡುವ ಮುನ್ನ ಓದಿ

ಜಮೀನಿನ ಕ್ರಯದ ಕರಾರಿಗೆ ಸಹಿ ಹಾಕಿ ಮುಂಗಡ ಕೊಟ್ಟ ಮೇಲೆ, ತಾನು ನೋಡಿದ್ದು ಒಂದು ಜಾಗ, ಕಾಗದದಲ್ಲಿರುವುದು ಇನ್ನೊಂದು ಜಾಗ ಎಂದು ತಿಳಿದರೆ ಕರಾರು ತಾನಾಗಿಯೇ ಬಿದ್ದುಹೋಗುತ್ತದೆ, ಹಣ ವಾಪಸು ಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನೂ ಇಲ್ಲ. ನನ್ನ ಅಣ್ಣನ ಎಂಟು ಲಕ್ಷ ರೂಪಾಯಿ ಮುಂಗಡ ಸಿಕ್ಕಿಹಾಕಿಕೊಂಡ ಪ್ರಕರಣವನ್ನು, ಊರು ಹೆಸರುಗಳನ್ನು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಮಾಲೀಕರಿಗೆ ಒಂದೇ ಸರ್ವೆ ನಂಬರಿನಲ್ಲಿ, ಪೋಡಿಯಾಗಿ ಬೇರೆಬೇರೆ ಹಿಸ್ಸಾ ಆಗಿದ್ದ ಎರಡು ತುಂಡು ಜಮೀನು ಇತ್ತು. ಮುಂದಿನದು ಡಾಂಬರು ರಸ್ತೆಗೆ ಅಂಟಿಕೊಂಡಿದ್ದು, ವಿಸ್ತೀರ್ಣ 1 ಎಕರೆ 12 ಗುಂಟೆ. ಹಿಂದಿನದಕ್ಕೆ ಸ್ವಂತ ದಾರಿಯೇ ಇರಲಿಲ್ಲ, ವಿಸ್ತೀರ್ಣ 1 ಎಕರೆ 10 ಗುಂಟೆ. ಅಣ್ಣನಿಗೆ ದಲ್ಲಾಳಿ ತೋರಿಸಿದ್ದು ಮುಂದಿನ ಜಮೀನು. ಬೆಂಗಳೂರಿನಲ್ಲಿದ್ದ ಮಾಲೀಕರು ಜಾಗಕ್ಕೆ ಬರಲೇ ಇಲ್ಲ. ಹಿಂದಿನ ಹಿಸ್ಸಾದ ಪಹಣಿಯ ಪ್ರತಿಯನ್ನು ದಲ್ಲಾಳಿಯ ಕೈಗೆ ಕಳುಹಿಸಿಕೊಟ್ಟರು. ಪತ್ರ ಬರಹಗಾರ ಹಿಸ್ಸಾ ನಂಬರು ಮತ್ತು ವಿಸ್ತೀರ್ಣವನ್ನು ಆ ಪಹಣಿ ನೋಡಿ ಬರೆದ. ಚಕ್ಕುಬಂದಿಯನ್ನು ದಲ್ಲಾಳಿ ಬಾಯಲ್ಲಿ ಹೇಳಿದಂತೆ, ಪೂರ್ವಕ್ಕೆ ಡಾಂಬರು ರಸ್ತೆ ಎಂದು ಸೇರಿಸಿದ. ಎರಡು ಜಮೀನಿನ ವಿಸ್ತೀರ್ಣದಲ್ಲಿ ಎರಡೇ ಗುಂಟೆ ವ್ಯತ್ಯಾಸವಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಗುಂಟೆಗೆ 80,000 ರೂಪಾಯಿಯಂತೆ 50 ಗುಂಟೆಗೆ 40 ಲಕ್ಷ, ಅದರಲ್ಲಿ 8 ಲಕ್ಷ ಮುಂಗಡ, ಖರೀದಿದಾರ ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು ಎಂಬ ಷರತ್ತು. ನೋಂದಣಿಗೆ ಮುನ್ನ ಭೂಮಾಪಕರನ್ನು ಕರೆಸಿ ಅಳತೆ ಮಾಡಿಸಿದಾಗ, ಕರಾರಿನ ಹಿಸ್ಸಾ ನಂಬರು ದಾರಿಯಿಲ್ಲದ ಹಿಂದಿನ ಜಮೀನಿನದು ಎಂದು ಗೊತ್ತಾಯಿತು.

ಅಣ್ಣ ಕೂಡಲೇ ವಕೀಲರನ್ನು ಕಾಣದೆ, ತಾನೇ ಒಂದು ಪತ್ರ ಬರೆದು ಮುಂಗಡ ಕೇಳಿದ. ಅದರಲ್ಲಿ “ರಸ್ತೆ ಬದಿಯ ಜಮೀನೆಂದು ನಾನು ತಪ್ಪಾಗಿ ತಿಳಿದುಕೊಂಡಿದ್ದೆ” ಎಂಬ ಒಂದು ವಾಕ್ಯವಿತ್ತು. ಮಾಲೀಕರ ವಕೀಲರು ಅದನ್ನೇ ಹಿಡಿದುಕೊಂಡರು. 1872ರ ಭಾರತೀಯ ಕರಾರು ಅಧಿನಿಯಮದ 22ನೇ ಕಲಮಿನಂತೆ, ಒಬ್ಬ ಪಕ್ಷಗಾರ ಮಾತ್ರ ವಾಸ್ತವಾಂಶವೊಂದನ್ನು ತಪ್ಪಾಗಿ ತಿಳಿದಿದ್ದ ಎಂಬ ಕಾರಣಕ್ಕೇ ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ತಪ್ಪು ನಿಮ್ಮದೆಂದು ನೀವೇ ಬರೆದುಕೊಟ್ಟಿದ್ದೀರಿ. ಉಳಿದ 32 ಲಕ್ಷ ಕೊಟ್ಟು ನೋಂದಣಿ ಮಾಡಿಸಿಕೊಳ್ಳಿ, ಇಲ್ಲವೇ ಮುಂಗಡ ಬಿಡಿ ಎಂಬುದು ಅವರ ಉತ್ತರವಾಗಿತ್ತು. ಕಾನೂನಿನ ಮಟ್ಟಿಗೆ ಇದು ದುರ್ಬಲ ವಾದವೇನಲ್ಲ. ಸಹಿ ಹಾಕಿದ ಕಾಗದದಲ್ಲಿ ಇರುವುದೆಲ್ಲ ಸ್ಪಷ್ಟವಾಗಿದ್ದು, ಒಬ್ಬನ ಮನಸ್ಸಿನಲ್ಲಿ ಮಾತ್ರ ಬೇರೆ ಚಿತ್ರವಿದ್ದರೆ, ಆ ಚಿತ್ರಕ್ಕೆ ನ್ಯಾಯಾಲಯದಲ್ಲಿ ಬೆಲೆ ಸಿಗುವುದು ಕಷ್ಟ.

ಹಾಗಾಗಿ ಇಡೀ ವ್ಯಾಜ್ಯ ನಿಂತದ್ದು ಒಂದೇ ಪ್ರಶ್ನೆಯ ಮೇಲೆ: ತಪ್ಪು ತಿಳಿವಳಿಕೆ ಅಣ್ಣನದು ಮಾತ್ರವೇ, ಇಬ್ಬರದೂ ಹೌದೇ? 20ನೇ ಕಲಮಿನಂತೆ, ಕರಾರಿಗೆ ಅತ್ಯಗತ್ಯವಾದ ವಾಸ್ತವಾಂಶವೊಂದರ ಬಗ್ಗೆ ಎರಡೂ ಪಕ್ಷಗಾರರು ತಪ್ಪು ತಿಳಿವಳಿಕೆಯಲ್ಲಿದ್ದರೆ ಕರಾರು ಅನೂರ್ಜಿತ. ಅಂದರೆ ಯಾರಾದರೂ ರದ್ದುಪಡಿಸುವವರೆಗೆ ನಡೆಯುವ ಕರಾರಲ್ಲ, ಕಾನೂನಿನ ದೃಷ್ಟಿಯಲ್ಲಿ ಮೊದಲಿನಿಂದಲೇ ಇಲ್ಲದ ಕರಾರು.

ಈ ಇಬ್ಬರ ತಪ್ಪು ಎನ್ನುವುದರಲ್ಲೂ ಎರಡು ಬಗೆಯಿದೆ. ಇಬ್ಬರೂ ಒಂದೇ ತಪ್ಪನ್ನು ನಂಬಿರುವುದು ಮೊದಲನೆಯದು. ಕುದುರೆಯೊಂದರ ವ್ಯಾಪಾರ ಕುದುರುವ ಹೊತ್ತಿಗೆ ಅದು ಸತ್ತುಹೋಗಿತ್ತು, ಕೊಳ್ಳುವವನಿಗೂ ಮಾರುವವನಿಗೂ ಅದು ತಿಳಿದಿರಲಿಲ್ಲ ಎಂದು ಅಧಿನಿಯಮವೇ ಕೊಡುವ ಉದಾಹರಣೆ ಈ ಬಗೆಯದು. ಎರಡನೆಯದರಲ್ಲಿ ಒಬ್ಬರ ಮಾತು ಒಂದು ವಸ್ತುವಿನ ಬಗ್ಗೆ, ಇನ್ನೊಬ್ಬರ ಮಾತು ಇನ್ನೊಂದರ ಬಗ್ಗೆ ಇರುತ್ತದೆ. ಇಬ್ಬರಿಗೂ ಒಪ್ಪಂದವಾಯಿತೆಂಬ ಭಾವನೆಯಿದ್ದರೂ ಮನಸ್ಸುಗಳು ಕೂಡಿರುವುದಿಲ್ಲ. ಬೊಂಬಾಯಿಯಿಂದ ‘ಪೀರ್‌ಲೆಸ್’ ಎಂಬ ಹಡಗಿನಲ್ಲಿ ಬರುವ ಹತ್ತಿಯನ್ನು ಮಾರುವ ಕರಾರಿನ ಬಗ್ಗೆ 1864ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಪ್ರಕರಣ ಇದಕ್ಕೆ ಹೆಸರುವಾಸಿ. ಆ ಹೆಸರಿನ ಎರಡು ಹಡಗುಗಳಿದ್ದವು, ಒಂದು ಅಕ್ಟೋಬರಿನಲ್ಲಿ ಹೊರಟದ್ದು, ಇನ್ನೊಂದು ಡಿಸೆಂಬರಿನಲ್ಲಿ. ಖರೀದಿದಾರನ ಮನಸ್ಸಿನಲ್ಲಿದ್ದುದು ಮೊದಲನೆಯದು, ಮಾರಾಟಗಾರ ಕೊಡಲು ಬಂದದ್ದು ಎರಡನೆಯದರ ಸರಕು. ಖರೀದಿದಾರನನ್ನು ಕರಾರಿಗೆ ಕಟ್ಟಿಹಾಕಲು ನ್ಯಾಯಾಲಯ ಒಪ್ಪಲಿಲ್ಲ. ನಮ್ಮ ಅಧಿನಿಯಮ ಈ ಎರಡು ಬಗೆಗಳಿಗೆ ಬೇರೆಬೇರೆ ಹೆಸರು ಕೊಟ್ಟಿಲ್ಲ. ಎರಡನ್ನೂ 20ನೇ ಕಲಮಿನ ಕೆಳಗೇ ನೋಡುತ್ತಾರೆ, ಜೊತೆಗೆ ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ ಎನ್ನುವ 13ನೇ ಕಲಮನ್ನೂ ಓದುತ್ತಾರೆ.

ಅಣ್ಣನದು ಎರಡನೆಯ ಬಗೆಯ ಪ್ರಕರಣ ಎಂದು ತೋರಿಸಿಕೊಟ್ಟದ್ದು ಚಕ್ಕುಬಂದಿ. ಹಿಸ್ಸಾ ನಂಬರು ಹಿಂದಿನ ಜಮೀನನ್ನು ಹೇಳುತ್ತಿತ್ತು, ಎಲ್ಲೆಗಳು ಮುಂದಿನದನ್ನು ಹೇಳುತ್ತಿದ್ದವು; ಎರಡನ್ನೂ ಸೇರಿಸಿ ಓದಿದರೆ ಭೂಮಿಯ ಮೇಲೆ ಅಂಥ ಜಮೀನೇ ಇರಲಿಲ್ಲ. ಲಿಖಿತ ಕರಾರಿನ ಎದುರು ಬಾಯಿಮಾತಿನ ಸಾಕ್ಷ್ಯ ನಿಲ್ಲುವುದಿಲ್ಲ ಎಂಬ ಸಾಮಾನ್ಯ ನಿಯಮ ಇಂಥ ಕಡೆ ಅಡ್ಡಬರುವುದಿಲ್ಲ. 2024ರ ಜೂನ್‌ವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 97ನೇ ಕಲಮಿನ ಉದಾಹರಣೆಯಂತೂ ನಮ್ಮದೇ ಕಥೆಯಂತಿತ್ತು: ಇಂಥ ಊರಿನಲ್ಲಿ, ಇಂಥವನ ಅನುಭವದಲ್ಲಿರುವ ನನ್ನ ಜಮೀನು ಎಂದು ಒಬ್ಬ ಮಾರುತ್ತಾನೆ, ಆ ಊರಿನಲ್ಲಿ ಅವನಿಗೆ ಜಮೀನಿದೆ, ಆದರೆ ಅದು ಆ ವ್ಯಕ್ತಿಯ ಅನುಭವದಲ್ಲಿಲ್ಲ, ಆ ವ್ಯಕ್ತಿಯ ಅನುಭವದಲ್ಲಿರುವ ಜಮೀನೂ ಇದೆ, ಆದರೆ ಅದು ಆ ಊರಿನಲ್ಲಿಲ್ಲ. ಆಗ ಯಾವುದನ್ನು ಮಾರಲು ಹೊರಟಿದ್ದ ಎಂಬುದಕ್ಕೆ ಹೊರಗಿನ ಸಾಕ್ಷ್ಯ ಕೊಡಬಹುದು.

ಇಲ್ಲೊಂದು ಅಪಾಯವಿತ್ತು. ಇಬ್ಬರ ಮನಸ್ಸಿನಲ್ಲೂ ಒಂದೇ ಜಮೀನು ಇದ್ದು ಬರಹದಲ್ಲಿ ಮಾತ್ರ ನಂಬರು ತಪ್ಪಿದ್ದರೆ, ಕರಾರು ಅನೂರ್ಜಿತವಾಗುವುದಿಲ್ಲ. ಅಂಥ ದಸ್ತಾವೇಜನ್ನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 26ನೇ ಕಲಮಿನಂತೆ ತಿದ್ದಿಸಿಕೊಳ್ಳಬಹುದು, ಮತ್ತು ನಂಬರಿಗೂ ಎಲ್ಲೆಗೂ ತಾಳೆಯಾಗದಾಗ ಸ್ಪಷ್ಟವಾದ ಎಲ್ಲೆಯನ್ನೇ ಹಿಡಿದು, ನಂಬರನ್ನು ಬರಿಯ ತಪ್ಪು ವಿವರಣೆ ಎಂದು ಬಿಡುವುದು ನ್ಯಾಯಾಲಯಗಳ ವಾಡಿಕೆ. ಹಾಗಾಗಿ ಮಾಲೀಕರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಪುರಾವೆ ಬೇಕಿತ್ತು. ಅದನ್ನು ಅವರೇ ಒದಗಿಸಿದರು. ರಸ್ತೆ ಬದಿಯ ಜಮೀನು ಮಗಳಿಗೆಂದು ಇಟ್ಟದ್ದು, ಅದನ್ನು ಮಾರುವ ಯೋಚನೆ ತಮಗೆ ಎಂದೂ ಇರಲಿಲ್ಲ ಎಂದು ಅವರ ಉತ್ತರದ ನೋಟಿಸಿನಲ್ಲಿ ಜೋರಾಗಿಯೇ ಬರೆಸಿದ್ದರು. ಅಣ್ಣನ ಮೇಲೆ ತಪ್ಪು ಹೊರಿಸಲು ಬರೆಸಿದ ಆ ಸಾಲೇ, ತಮ್ಮದೂ ಎಂದು ಸಹಿ ಹಾಕಿದ ಚಕ್ಕುಬಂದಿ ಯಾವ ಜಮೀನಿನದೆಂದು ಅವರಿಗೂ ತಿಳಿದಿರಲಿಲ್ಲ ಎಂಬುದನ್ನು ತೋರಿಸಿತು.

ದಲ್ಲಾಳಿ ಬೇಕೆಂದೇ ಬೇರೆ ಜಮೀನು ತೋರಿಸಿದ, ಮೋಸವೆಂದೇ ದಾವೆ ಹಾಕೋಣ ಎಂದು ಮನೆಯವರೆಲ್ಲ ಹೇಳಿದ್ದರು. ನಮ್ಮ ವಕೀಲರು ಒಪ್ಪಲಿಲ್ಲ, ಅವರ ಕಾರಣ ಸರಿಯಾಗಿತ್ತು. ಮೋಸವನ್ನು ರುಜುವಾತುಪಡಿಸಬೇಕು, ದಲ್ಲಾಳಿ ಮಾಲೀಕರ ಪರವಾಗಿಯೇ ನಡೆದುಕೊಂಡ ಎಂದೂ ತೋರಿಸಬೇಕು. ಮೋಸದ ಬದಲು ಬರಿಯ ತಪ್ಪು ನಿರೂಪಣೆ ಎಂದರೆ, ಸಾಧಾರಣ ಎಚ್ಚರಿಕೆಯಿಂದ ನಿಜವನ್ನು ತಿಳಿಯಬಹುದಾಗಿದ್ದವನಿಗೆ ಆ ಪರಿಹಾರ ಇಲ್ಲ ಎಂದು ಕರಾರು ಅಧಿನಿಯಮದ 19ನೇ ಕಲಮಿನ ವಿನಾಯಿತಿ ಹೇಳುತ್ತದೆ; ಹಿಸ್ಸಾ ನಕ್ಷೆ ಯಾರಾದರೂ ಅರ್ಜಿ ಹಾಕಿ ಪಡೆಯಬಹುದಾದ ದಾಖಲೆ. 20ನೇ ಕಲಮಿನ ಮಾತಿನಲ್ಲಿ ಆ ಷರತ್ತು ಇಲ್ಲ.

ಮುಂಗಡದ ವಿಷಯಕ್ಕೆ ಆಧಾರವಾದದ್ದು ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ತರಸೇಮ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು. ಪಟಿಯಾಲಾ ಕಡೆಯ ಜಮೀನಿನ ಮಾರಾಟ ಅದು. ಕನಾಲು, ಬಿಘಾ ಎಂಬ ಎರಡು ಬೇರೆಬೇರೆ ಭೂಅಳತೆಗಳಲ್ಲಿ ಮಾರುವವನು ಕನಾಲಿನ ಲೆಕ್ಕದಲ್ಲಿ, ಕೊಳ್ಳುವವನು ಬಿಘಾದ ಲೆಕ್ಕದಲ್ಲಿ ಒಪ್ಪಿದ್ದರು. ವಿಸ್ತೀರ್ಣ ಮತ್ತು ಬೆಲೆಯ ಬಗ್ಗೆ ಇಬ್ಬರೂ ತಪ್ಪು ತಿಳಿವಳಿಕೆಯಲ್ಲಿದ್ದುದರಿಂದ ಕರಾರು ಅನೂರ್ಜಿತ, ಕರಾರೇ ಇಲ್ಲವಾದ ಮೇಲೆ ಅದರೊಳಗಿನ ಮುಟ್ಟುಗೋಲಿನ ಷರತ್ತನ್ನೂ ಜಾರಿಮಾಡಲಾಗದು, 65ನೇ ಕಲಮಿನಂತೆ ಪಡೆದ ಹಣ ಹಿಂದಿರುಗಿಸಬೇಕು ಎಂದು ನ್ಯಾಯಾಲಯ ಹೇಳಿತು. ಇದನ್ನು ಉಲ್ಲೇಖಿಸಿ ಹೊಸ ನೋಟಿಸು ಹೋದ ಮೇಲೆ, ದಾವೆಯ ಮಧ್ಯದಲ್ಲಿ ಮಾಲೀಕರು ರಾಜಿಗೆ ಬಂದರು. ಎಂಟು ಲಕ್ಷ ಬಂತು. ಬಡ್ಡಿ, ದಲ್ಲಾಳಿಗೆ ಕೊಟ್ಟದ್ದು, ವಕೀಲರ ಶುಲ್ಕ ಹೋದವು.

ಅಣ್ಣನ ಸ್ಥಿತಿಗೂ ತಮ್ಮದಕ್ಕೂ ಹೋಲಿಕೆಯಿದೆ ಎಂದುಕೊಳ್ಳುವವರು ಎರಡು ವಿಷಯ ಗಮನಿಸಬೇಕು. ದಾರಿಯಿಲ್ಲದ ಜಮೀನೆಂದು ತಿಳಿದೇ, ಗುಂಟೆಗೆ 80,000 ಬಾಳುತ್ತದೆ ಎಂದು ಅಣ್ಣ ಒಪ್ಪಿದ್ದರೆ ಅವನಿಗೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ವಸ್ತುವಿನ ಬೆಲೆಯ ಬಗ್ಗೆ ತಪ್ಪು ಅಭಿಪ್ರಾಯ ವಾಸ್ತವಾಂಶದ ತಪ್ಪಲ್ಲ ಎಂದು 20ನೇ ಕಲಮಿನ ವಿವರಣೆಯಲ್ಲೇ ಇದೆ. ದೇಶದ ಕಾನೂನನ್ನು ತಪ್ಪಾಗಿ ತಿಳಿದಿದ್ದರೂ 21ನೇ ಕಲಮಿನಂತೆ ಕರಾರು ಉಳಿಯುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂ ಸುಧಾರಣಾ ಅಧಿನಿಯಮದ 79ಎ ಮತ್ತು 79ಬಿ ಕಲಮುಗಳನ್ನು ಕರ್ನಾಟಕ 2020ರಲ್ಲಿ ತೆಗೆದುಹಾಕಿತು. ಆ ತಡೆ ಇನ್ನೂ ಇದೆಯೆಂದು ನಂಬಿ, ಕೊಳ್ಳುವ ಬದಲು ಬೇರೊಂದು ಕರಾರಿಗೆ ಸಹಿ ಹಾಕಿದವನು ಅದೇ ಕಾರಣಕ್ಕೆ ಆ ಕರಾರಿನಿಂದ ಬಿಡಿಸಿಕೊಳ್ಳಲಾರ.

ಕರಾರಿಗೆ ಮುನ್ನ ಹಿಸ್ಸಾ ನಕ್ಷೆಯ ಪ್ರತಿ ತೆಗೆಸಿ, ಮಾಲೀಕರನ್ನೇ ಜಾಗಕ್ಕೆ ಕರೆಸಿ ಮೂಲೆಮೂಲೆ ತೋರಿಸಲು ಹೇಳಿ, ಆ ನಕ್ಷೆಯ ಮೇಲೆ ಇಬ್ಬರೂ ಸಹಿ ಹಾಕಿ ಕರಾರಿಗೆ ಲಗತ್ತಿಸಿಕೊಳ್ಳಿ. ಚಕ್ಕುಬಂದಿಯನ್ನು ನಕ್ಷೆ ನೋಡಿ ಬರೆಸಿ, ದಲ್ಲಾಳಿಯ ಬಾಯಿಮಾತಿನಿಂದಲ್ಲ. ವ್ಯತ್ಯಾಸ ಕಂಡ ಮೇಲೆ ಇನ್ನೊಂದು ಕಂತು ಕೊಡಬೇಡಿ, ವಕೀಲರಿಗೆ ತೋರಿಸದೆ ಪತ್ರವನ್ನಾಗಲಿ ವಾಟ್ಸಾಪ್ ಸಂದೇಶವನ್ನಾಗಲಿ ಕಳುಹಿಸಬೇಡಿ. ಕರಾರಿನಂತೆ ಕ್ರಯ ಮಾಡಿಕೊಡಲೇಬೇಕೆಂದು, ಅಂದರೆ ನಿರ್ದಿಷ್ಟ ಪಾಲನೆ ಕೋರಿ ದಾವೆ ಹಾಕುವುದಾದರೆ ಮುಂಗಡ ವಾಪಸಾತಿಯನ್ನು ಪರ್ಯಾಯ ಕೋರಿಕೆಯಾಗಿ ಸ್ಪಷ್ಟವಾಗಿ ಬರೆಸಿ, ಏಕೆಂದರೆ ನಿರ್ದಿಷ್ಟ ಪರಿಹಾರ ಅಧಿನಿಯಮದ 22ನೇ ಕಲಮಿನಂತೆ, ಕೇಳದಿದ್ದರೆ ಅದನ್ನು ಕೊಡುವಂತಿಲ್ಲ. ತಪ್ಪಿನ ಆಧಾರದ ದಾವೆಗೆ ಕಾಲಮಿತಿ ಶುರುವಾಗುವುದು ತಪ್ಪು ತಿಳಿದ ದಿನದಿಂದ, ಅಥವಾ ಸಾಧಾರಣ ಎಚ್ಚರಿಕೆ ಇದ್ದಿದ್ದರೆ ತಿಳಿಯಬಹುದಾಗಿದ್ದ ದಿನದಿಂದ. ಹಾಗಾಗಿ ಅಳತೆಯ ವರದಿಯನ್ನು ದಿನಾಂಕ, ಸಹಿ ಸಮೇತ ಪಡೆದುಕೊಳ್ಳಿ.