ನಿವೃತ್ತಿಯ ಹಣವನ್ನು ಒಂದೇ ರಸೀದಿಗೆ ಕಟ್ಟಿಹಾಕಬೇಡಿ

ನಾನು ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿ 2019ರಲ್ಲಿ, ಅರವತ್ತು ತುಂಬಿದಾಗ, ನಿವೃತ್ತನಾದೆ. ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿ ಸೇರಿ ಕೈಗೆ ಬಂದ ಹಣದಲ್ಲಿ ಮನೆಯ ಸಣ್ಣಪುಟ್ಟ ಸಾಲ ತೀರಿಸಿದ ಮೇಲೆ 30 ಲಕ್ಷ ರೂಪಾಯಿ ಉಳಿದಿತ್ತು. ಪಿಂಚಣಿ ತಿಂಗಳಿಗೆ 2,900 ರೂಪಾಯಿ ಮಾತ್ರ. ಗಂಡ ಹೆಂಡತಿ ಇಬ್ಬರ ಸಂಸಾರಕ್ಕೆ ತಿಂಗಳಿಗೆ 18,000 ಬೇಕಾಗಿತ್ತು. ಈ 30 ಲಕ್ಷದಲ್ಲಿ ಮೂರು ವರ್ಷದೊಳಗೆ ಎರಡು ಲಕ್ಷಕ್ಕೂ ಹೆಚ್ಚು ಹೇಗೆ ಕರಗಿತು ಎಂಬುದನ್ನು ಲೆಕ್ಕಸಹಿತ ಇಲ್ಲಿ ಬರೆಯುತ್ತಿದ್ದೇನೆ. ಯಾರೂ ನನ್ನನ್ನು ಮೋಸಗೊಳಿಸಲಿಲ್ಲ, ಯಾವ ಬ್ಯಾಂಕೂ ಮುಳುಗಲಿಲ್ಲ. ಹಣವನ್ನು ಇಟ್ಟ ರೀತಿಯಲ್ಲಿಯೇ ತಪ್ಪಿತ್ತು.

2019ರ ಅಕ್ಟೋಬರ್‌ನಲ್ಲಿ ಸೂಪರ್ ಮಾರ್ಕೆಟ್ ಬಳಿಯ ಬ್ಯಾಂಕಿನಲ್ಲಿ 30 ಲಕ್ಷವನ್ನೂ ಒಂದು ವರ್ಷದ ಎಫ್‌ಡಿಗೆ ಹಾಕಿದೆ. ಹಿರಿಯ ನಾಗರಿಕರ ದರ ಶೇ. 7 ಇತ್ತು. ತಿಂಗಳಿಗೆ 17,400ರಷ್ಟು ಬಡ್ಡಿ ಬರುತ್ತಿತ್ತು. (ಶೇ. 7ರ ಲೆಕ್ಕಕ್ಕೆ 17,500 ಬರಬೇಕಲ್ಲ ಎಂದು ಕೇಳುವವರಿಗೆ: ಬ್ಯಾಂಕಿನ ದರ ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯುವವರಿಗೆ ಅನ್ವಯಿಸುತ್ತದೆ. ಪ್ರತಿ ತಿಂಗಳು ಮುಂಚಿತವಾಗಿ ಪಡೆಯುವವರಿಗೆ ಸ್ವಲ್ಪ ಕಡಿತ ಮಾಡಿ ಕೊಡುತ್ತಾರೆ.) ಪಿಂಚಣಿ ಸೇರಿಸಿದರೆ ತಿಂಗಳ ಖರ್ಚು ಕಳೆದು ಎರಡು ಸಾವಿರ ಉಳಿಯುತ್ತಿತ್ತು, ಹಾಗಾಗಿ ನಾನು ನಿಶ್ಚಿಂತನಾಗಿದ್ದೆ.

ಮರುವರ್ಷ ಕೊರೋನಾ ಬಂತು. ರಿಸರ್ವ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಶೇ. 5.15ರಿಂದ 4.40ಕ್ಕೂ, ಮೇ ತಿಂಗಳಿನಲ್ಲಿ ಶೇ. 4ಕ್ಕೂ ಇಳಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದರೂ ಅದು ನನ್ನ ಅಡುಗೆ ಮನೆಗೆ ಸಂಬಂಧಿಸಿದ್ದೆಂದು ಹೊಳೆಯಲಿಲ್ಲ. ಅಕ್ಟೋಬರ್‌ನಲ್ಲಿ ಎಫ್‌ಡಿಯ ಅವಧಿ ಮುಗಿದಾಗ ಒಂದು ವರ್ಷದ ದರ ಶೇ. 5.4 ಆಗಿತ್ತು. ಅಂದರೆ 17,400 ಬರುತ್ತಿದ್ದ ಜಾಗದಲ್ಲಿ ಇನ್ನು 13,400 ಬರುವುದಿತ್ತು. ಮೂವತ್ತು ಲಕ್ಷವೂ ಒಂದೇ ದಿನ ಮುಗಿದಿದ್ದರಿಂದ ದರದ ಇಳಿಕೆಯ ಪೂರ್ತಿ ಪೆಟ್ಟು ಒಂದೇ ದಿನ ಬಿದ್ದಿತು.

ಆ ಗಾಬರಿಯಲ್ಲಿ ಎರಡು ಕೆಲಸ ಮಾಡಿದೆ. 18 ಲಕ್ಷವನ್ನು ಐದು ವರ್ಷದ ಎಫ್‌ಡಿಗೆ, ಒಂದೇ ರಸೀದಿಯಲ್ಲಿ, ಶೇ. 6.2ರ ದರದಲ್ಲಿ ಹಾಕಿದೆ. ಉಳಿದ 12 ಲಕ್ಷವನ್ನು, ಪರಿಚಯದ ಏಜೆಂಟರೊಬ್ಬರ ಮಾತಿನ ಮೇಲೆ, ಒಂದೇ ಕಂಪನಿಯ ಬಾಂಡುಗಳಲ್ಲಿ ತೊಡಗಿಸಿದೆ. ಬಡ್ಡಿ ಶೇ. 10.5, ತಿಂಗಳಿಗೆ 10,500 ರೂಪಾಯಿ. ದಾಖಲೆಯಲ್ಲಿ ಕಂಪನಿಯ ಸಾಲ ತೀರಿಸುವ ಶಕ್ತಿಗೆ ಕೊಡುವ ರೇಟಿಂಗ್ ‘ಬಿಬಿಬಿ’ ಎಂದಿತ್ತು, ಬಾಂಡಿಗೆ ಯಾವ ಆಸ್ತಿಯ ಭದ್ರತೆಯೂ ಇಲ್ಲವೆಂದೂ ಬರೆದಿತ್ತು. ಮೂರು ‘ಬಿ’ ಎಂದರೆ ಒಳ್ಳೆಯದೇ ಇರಬೇಕೆಂದುಕೊಂಡೆ. ಹೂಡಿಕೆಗೆ ಯೋಗ್ಯವೆನ್ನುವ ದರ್ಜೆಗಳಲ್ಲಿ ಅದೇ ಕಡೆಯದು, ಅಲ್ಲಿಂದ ಕೆಳಗಿಳಿದರೆ ಜೂಜಿನ ಸಾಲು ಎಂಬುದು ತಿಳಿದಿರಲಿಲ್ಲ. ಇಪ್ಪತ್ತು ತಿಂಗಳು ಬಡ್ಡಿ ತಪ್ಪದೆ ಬಂದಿತು. ಆಗ ನಾನೇ ಇಬ್ಬರು ಗೆಳೆಯರಿಗೆ ಆ ಏಜೆಂಟರ ನಂಬರ್ ಕೊಟ್ಟಿದ್ದೆ ಎಂಬುದನ್ನು ನೆನೆದರೆ ಈಗಲೂ ನೋವಾಗುತ್ತದೆ.

2022ರ ಜೂನ್‌ನಲ್ಲಿ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ 3 ಲಕ್ಷ ಬೇಕೆಂದರು. ಮೊದಲು ಬಾಂಡ್ ಮಾರಲು ಹೊರಟೆ. ಅಷ್ಟರಲ್ಲಿ ಕಂಪನಿಯ ರೇಟಿಂಗ್ ಒಂದು ಮೆಟ್ಟಿಲು ಇಳಿದಿತ್ತು. ಡಿಮ್ಯಾಟ್ ಖಾತೆಯಲ್ಲಿ ಬಾಂಡುಗಳು ಕಾಣುತ್ತಿದ್ದವು, ಆದರೆ ಷೇರು ಪೇಟೆಯಲ್ಲಿ ಅವನ್ನು ಕೊಳ್ಳುವವರು ಎರಡು ದಿನ ಕಾದರೂ ಸಿಗಲಿಲ್ಲ. ಬೇರೆ ದಾರಿ ಕಾಣದೆ ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೋದೆ. ಒಂದೇ ರಸೀದಿ ಇದ್ದುದರಿಂದ 3 ಲಕ್ಷಕ್ಕಾಗಿ 18 ಲಕ್ಷವನ್ನೂ ಮುರಿಸಬೇಕಾಯಿತು. ಕೌಂಟರಿನಲ್ಲಿದ್ದ ಹುಡುಗ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದ. ಅದರಲ್ಲಿ 17,46,000 ಎಂದಿತ್ತು.

“ಇಪ್ಪತ್ತು ತಿಂಗಳು ಇಟ್ಟೀನಲ್ಲ, ಅಸಲೇ ಹೆಂಗ ಕಡಿಮಿ ಆಯ್ತು?” ಎಂದು ಕೇಳಿದೆ.

“ಸರ್, ತಿಂಗಳಾ ತಿಂಗಳಾ ಬಡ್ಡಿ ತಗೊಂಡೀರಲ್ಲರಿ, ಅದು ಐದು ವರ್ಷದ ದರದ ಬಡ್ಡಿರಿ. ಈಗ ನಡುವೇ ಮುರಸ್ತೀರಿ, ಹೆಚ್ಚಿಗಿ ಹೋಗಿದ್ದು ಅಸಲಿನಾಗ ಕಟ್ ಆಗ್ತದರಿ” ಎಂದ.

ಆ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ತಿಂಗಳ ಬಡ್ಡಿ ಪಡೆಯುವ ಬಹುಪಾಲು ಹಿರಿಯರಿಗೆ ಇದು ಗೊತ್ತಿರುವುದಿಲ್ಲ. ಅವಧಿಗೆ ಮೊದಲೇ ಎಫ್‌ಡಿ ಮುರಿಸಿದರೆ ಬ್ಯಾಂಕು ಐದು ವರ್ಷದ ದರವನ್ನು ಕೊಡುವುದಿಲ್ಲ. ಹಣ ನಿಜವಾಗಿ ಎಷ್ಟು ಕಾಲ ಇತ್ತೋ ಅಷ್ಟು ಕಾಲಕ್ಕೆ, ಠೇವಣಿ ಇಟ್ಟ ದಿನ ಜಾರಿಯಲ್ಲಿದ್ದ ದರವನ್ನು ಹಿಡಿದು, ಅದರಲ್ಲಿಯೂ ದಂಡವೆಂದು ಸಾಮಾನ್ಯವಾಗಿ ಶೇ. 1ರವರೆಗೆ ಕಳೆಯುತ್ತದೆ. ಇಪ್ಪತ್ತು ತಿಂಗಳಿಗೆ ಆಗಿನ ದರ ಶೇ. 5.4, ದಂಡ ಕಳೆದು ಶೇ. 4.4. ನಾನು ಪಡೆದಿದ್ದು ಶೇ. 6.2. ವ್ಯತ್ಯಾಸದ ಶೇ. 1.8ನ್ನು 18 ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 32,400, ಇಪ್ಪತ್ತು ತಿಂಗಳಿಗೆ 54,000. ತಿಂಗಳು ತಿಂಗಳು ತಿಂದಿದ್ದನ್ನು ಒಂದೇ ಸಲ ಕಕ್ಕಬೇಕಾಯಿತು.

ಇದನ್ನು ತಪ್ಪಿಸುವ ದಾರಿ ಅದೇ ಕೌಂಟರಿನಲ್ಲಿಯೇ ಇತ್ತು. ಎಫ್‌ಡಿಯ ಮೇಲೆ ಓವರ್‌ಡ್ರಾಫ್ಟ್, ಅಂದರೆ ಅದನ್ನೇ ಅಡವಿಟ್ಟು ಸಾಲ, ಸಿಗುತ್ತದೆ. ಬಹಳಷ್ಟು ಬ್ಯಾಂಕುಗಳು ಠೇವಣಿಯ ಶೇ. 90ರವರೆಗೆ, ಎಫ್‌ಡಿ ದರಕ್ಕಿಂತ ಶೇ. 1ರಷ್ಟು ಹೆಚ್ಚಿನ ಬಡ್ಡಿಗೆ ಕೊಡುತ್ತವೆ. 3 ಲಕ್ಷಕ್ಕೆ ಶೇ. 7.2ರ ಲೆಕ್ಕದಲ್ಲಿ ತಿಂಗಳಿಗೆ 1,800 ರೂಪಾಯಿ ಆಗುತ್ತಿತ್ತು, ಎಫ್‌ಡಿಯೂ ಹಾಗೆಯೇ ಉಳಿಯುತ್ತಿತ್ತು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಂಡಿನ ಕಥೆ ಬೇಗ ಮುಗಿಯುತ್ತದೆ. ಆಗಸ್ಟ್‌ನಲ್ಲಿ ರೇಟಿಂಗ್ ಮತ್ತೆ ಇಳಿಯಿತು. ಹೆದರಿ, ನೂರು ರೂಪಾಯಿ ಮುಖಬೆಲೆಗೆ 85ರಂತೆ ಎಲ್ಲವನ್ನೂ ಮಾರಿದೆ. 12 ಲಕ್ಷಕ್ಕೆ 10,20,000 ಬಂತು. ಎಫ್‌ಡಿಯಲ್ಲಿ ಶೇ. 5.4ಕ್ಕೆ ಇಟ್ಟಿದ್ದರೆ ಬರುತ್ತಿದ್ದುದಕ್ಕಿಂತ ಆ ಇಪ್ಪತ್ತೆರಡು ತಿಂಗಳಲ್ಲಿ ಹೆಚ್ಚಿಗೆ ಪಡೆದ ಬಡ್ಡಿ ಸುಮಾರು 1,12,000, ಅಸಲಿನಲ್ಲಿ ಕಳೆದುಕೊಂಡಿದ್ದು 1,80,000.

ಆಸ್ಪತ್ರೆಯ ಖರ್ಚು ಕಳೆದು 24,66,000 ಉಳಿಯಿತು. 2023ರ ಏಪ್ರಿಲ್‌ನಲ್ಲಿ ನಮ್ಮ ಓಣಿಯಲ್ಲಿಯೇ ಇರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಎರಡು ಸಂಜೆ ನನ್ನ ಜೊತೆ ಕೂತು ಇದನ್ನು ಏಣಿಯ ಹಾಗೆ ಜೋಡಿಸಿಕೊಟ್ಟರು. 10 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಆಗಿನ ದರ ಶೇ. 8.2, ಖಾತೆ ತೆರೆದ ದಿನದ ದರವೇ ಐದು ವರ್ಷ ಇರುತ್ತದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ 20,500 ಬರುತ್ತದೆ. ಇನ್ನು 10 ಲಕ್ಷವನ್ನು ಎರಡೆರಡು ಲಕ್ಷದ ಐದು ಎಫ್‌ಡಿ ಮಾಡಿ, ಒಂದನ್ನು ಒಂದು ವರ್ಷಕ್ಕೆ, ಮತ್ತೊಂದನ್ನು ಎರಡಕ್ಕೆ, ಹೀಗೆ ಐದು ವರ್ಷದವರೆಗೆ ಇಟ್ಟೆವು. ಸರಾಸರಿ ಶೇ. 7.5ರ ದರದಲ್ಲಿ ತಿಂಗಳಿಗೆ 6,200 ಬರುತ್ತದೆ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಇರುವುದರಿಂದ ಐದು ರಸೀದಿಗಳನ್ನು ಮೂರು ಬ್ಯಾಂಕುಗಳಿಗೆ ಹಂಚಿದೆವು. ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿಯನ್ನು ಬೇಡವೆಂದೆವು, ಅದನ್ನು ಅವಧಿಗೆ ಮೊದಲು ಮುರಿಸಲು ಬರುವುದಿಲ್ಲ.

ಉಳಿದ 4 ಲಕ್ಷಕ್ಕೆ ಕಂಪನಿಯ ಬಾಂಡ್ ಬಿಟ್ಟು ಭಾರತ ಸರ್ಕಾರದ ಬಾಂಡ್ ಕೊಂಡೆವು. ರಿಸರ್ವ್ ಬ್ಯಾಂಕಿನ ರೀಟೇಲ್ ಡೈರೆಕ್ಟ್ ಖಾತೆಯಲ್ಲಿ ಮನೆಯಿಂದಲೇ, 10,000 ರೂಪಾಯಿಯಿಂದ ಕೊಳ್ಳಬಹುದು. ಬಡ್ಡಿ ಆರು ತಿಂಗಳಿಗೊಮ್ಮೆ ಬರುತ್ತದೆ, ಯಾವ ತಿಂಗಳಲ್ಲಿ ಎಂಬುದು ಬಾಂಡ್ ಮುಗಿಯುವ ದಿನಾಂಕದಿಂದ ತಿಳಿಯುತ್ತದೆ. 7.38% GS 2027 ಎಂಬ ಬಾಂಡ್ ಮುಗಿಯುವುದು ಜೂನ್‌ನಲ್ಲಿ, ಆದ್ದರಿಂದ ಅದರ ಬಡ್ಡಿ ಜೂನ್ ಮತ್ತು ಡಿಸೆಂಬರ್‌ನಲ್ಲಿ. 7.26% GS 2033 ಮುಗಿಯುವುದು ಫೆಬ್ರವರಿಯಲ್ಲಿ, ಅದರದು ಫೆಬ್ರವರಿ ಮತ್ತು ಆಗಸ್ಟ್. ಎರಡೆರಡು ಲಕ್ಷಕ್ಕೆ ಪ್ರತಿ ಸಲ 7,380 ಮತ್ತು 7,260. ನಡುವೆ ಮಾರಿದರೆ ಸರ್ಕಾರಿ ಬಾಂಡಿಗೂ ಆ ದಿನದ ಬೆಲೆಯೇ ಸಿಗುತ್ತದೆ, ದರ ಏರಿದ ಕಾಲದಲ್ಲಿ ಅದು ಮುಖಬೆಲೆಗಿಂತ ಕಡಿಮೆ ಇರಬಹುದು. ಹಾಗಾಗಿ ಕೊನೆಯವರೆಗೂ ಮುಟ್ಟದ ಹಣವನ್ನು ಮಾತ್ರ ಅಲ್ಲಿ ಇಟ್ಟಿದ್ದೇವೆ.

ಇವೆಲ್ಲ ಸೇರಿ ತಿಂಗಳ ಸರಾಸರಿ ಸುಮಾರು 15,400, ಪಿಂಚಣಿಯೊಂದಿಗೆ 18,300. ಆದರೆ ಸರಾಸರಿಯಿಂದ ಕಿರಾಣಿ ಅಂಗಡಿಯ ಲೆಕ್ಕ ತೀರುವುದಿಲ್ಲ. ಮಾರ್ಚ್, ಮೇ, ಸೆಪ್ಟೆಂಬರ್, ನವೆಂಬರ್‌ಗಳಲ್ಲಿ ಎಫ್‌ಡಿಯ 6,200 ಮತ್ತು ಪಿಂಚಣಿ ಬಿಟ್ಟರೆ ಬೇರೇನೂ ಬರುವುದಿಲ್ಲ, ಸುಮಾರು 9,000 ಕಡಿಮೆ ಬೀಳುತ್ತದೆ. ಅದಕ್ಕಾಗಿಯೇ 66,000ವನ್ನು ಉಳಿತಾಯ ಖಾತೆಯಲ್ಲಿ ಹಾಗೆಯೇ ಬಿಟ್ಟೆವು. ಎಲ್ಲ ಬಡ್ಡಿಯೂ ಪಿಂಚಣಿಯೂ ಆ ಖಾತೆಗೆ ಬೀಳುತ್ತವೆ, ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು 18,000 ಮನೆಖರ್ಚಿನ ಖಾತೆಗೆ ತಾನಾಗಿಯೇ ಹೋಗುತ್ತದೆ.

2024ರ ಏಪ್ರಿಲ್‌ನಲ್ಲಿ ಮೊದಲ ಎಫ್‌ಡಿ ಮುಗಿದಾಗ ಅದನ್ನು ಮತ್ತೆ ಒಂದು ವರ್ಷಕ್ಕೆ ಇಡದೆ ಐದು ವರ್ಷಕ್ಕೆ ಇಟ್ಟೆ. ಏಣಿ ನಿಲ್ಲುವುದು ಇದರಿಂದಲೇ: ಪ್ರತಿ ವರ್ಷ ಮುಗಿದ ಮೆಟ್ಟಿಲು ತುದಿಗೆ ಹೋಗಬೇಕು. ರಸೀದಿ ಮಾಡಿಸುವಾಗ ‘ತಾನಾಗಿಯೇ ನವೀಕರಣ’ ಎಂದಿದ್ದರೆ ಬ್ಯಾಂಕು ಹಳೆಯ ಅವಧಿಗೇ ಮತ್ತೆ ಕಟ್ಟುತ್ತದೆ, ಆದ್ದರಿಂದ ಅದನ್ನು ತೆಗೆಸಿದ್ದೇನೆ. 2025ರಲ್ಲಿ ರಿಸರ್ವ್ ಬ್ಯಾಂಕು ಮತ್ತೆ ದರ ಇಳಿಸತೊಡಗಿತು. ಆ ವರ್ಷ ಮುಗಿದ 2 ಲಕ್ಷಕ್ಕೆ ಶೇ. 7.5ರ ಬದಲು 7.1 ಸಿಕ್ಕಿತು. ನನ್ನ ಆದಾಯದಲ್ಲಿ ಕಡಿಮೆಯಾಗಿದ್ದು ತಿಂಗಳಿಗೆ 67 ರೂಪಾಯಿ. 2020ರಲ್ಲಿ ಅದು 4,000 ಆಗಿತ್ತು.

ಈ ಏಣಿಯಲ್ಲಿಯೂ ಒಂದು ಕೊರತೆ ಉಳಿದಿದೆ, ಅದನ್ನು ನಾನು ತಡವಾಗಿ ಗಮನಿಸಿದೆ. ಅಂಚೆ ಕಚೇರಿಯ 10 ಲಕ್ಷ ಮತ್ತು ಐದು ವರ್ಷದ ಎಫ್‌ಡಿಯ 2 ಲಕ್ಷ, ಎರಡೂ 2028ರ ಏಪ್ರಿಲ್‌ನಲ್ಲಿಯೇ ಮುಗಿಯುತ್ತವೆ. ಅಂಚೆಯ ಖಾತೆಯನ್ನು ಮೂರು ವರ್ಷ ಮುಂದುವರಿಸಬಹುದು, ಆದರೆ ಆಗ ಇರುವ ದರದಲ್ಲಿ. ಆ ಯೋಜನೆಯಲ್ಲಿ ಒಂದಕ್ಕಿಂತ ಹೆಚ್ಚು ಖಾತೆ ತೆರೆಯಲು ಅವಕಾಶವಿದೆ. ಈಗ ತೆರೆಯುವವರು ಅರ್ಧ ಹಣವನ್ನು ಈ ವರ್ಷ, ಇನ್ನರ್ಧವನ್ನು ಒಂದು ವರ್ಷದ ಎಫ್‌ಡಿಯಲ್ಲಿಟ್ಟು ಮುಂದಿನ ವರ್ಷ ಹಾಕಲಿ.