‘600 ವ್ಯಾಟ್’ ಅಂತ ಬರೆದ ಮಾತ್ರಕ್ಕೆ ಎಸ್‌ಎಂಪಿಎಸ್ ನಂಬಬೇಡಿ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸೋಕೆ ಹೊರಟಿದ್ದರೆ ಮೊದಲು ಇದನ್ನು ಓದಿ. ಕೊಟೇಶನ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲದಕ್ಕೂ ಮಾಡೆಲ್ ನಂಬರ್ ಇದ್ದು, ಪಿಸಿಯ ಎಲ್ಲಾ ಭಾಗಕ್ಕೂ ಕರೆಂಟ್ ಕೊಡೋ ಎಸ್‌ಎಂಪಿಎಸ್ ಮುಂದೆ ಮಾತ್ರ ಬರೀ ‘600 ವ್ಯಾಟ್’ ಅಂತ ಇದ್ದರೆ ಅಲ್ಲೇ ನಿಲ್ಲಿಸಿ. ನನ್ನ ತಮ್ಮನಿಗೆ ಮೋಸ ಆದದ್ದು ಆ ಒಂದು ಸಾಲಿನಲ್ಲೇ.

ಅವನು ತಗೊಂಡಿದ್ದು ರೈಜನ್ 5 5600 ಮತ್ತು ರೇಡಿಯಾನ್ ಆರ್‌ಎಕ್ಸ್ 6700 ಎಕ್ಸ್‌ಟಿ. ಬ್ರೌಸಿಂಗ್, ಸಿನಿಮಾ, ಕಾಲೇಜಿನ ಕೆಲಸ ಎಲ್ಲಾ ಸರಿಯಾಗೇ ನಡೀತಿತ್ತು. ಭಾರೀ ಗೇಮ್ ಹಾಕಿದರೆ ಮಾತ್ರ ಸ್ವಲ್ಪ ಹೊತ್ತಿಗೆ ಪಿಸಿ ದಿಢೀರ್ ಅಂತ ಆಫ್. ನೀಲಿ ಸ್ಕ್ರೀನ್ ಇಲ್ಲ, ಎರರ್ ಇಲ್ಲ. ಇವೆಂಟ್ ವ್ಯೂವರ್‌ನಲ್ಲಿ `Kernel-Power 41` ಅಂತ ಮಾತ್ರ ಬರುತ್ತಿತ್ತು. ಅಂದರೆ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತುಹೋಗಿದೆ ಅಂತಷ್ಟೇ, ಯಾಕೆ ಅನ್ನೋದನ್ನು ಅದು ಹೇಳಲ್ಲ. ಅಂಗಡಿಯವರು “ವಿಂಡೋಸ್ ಪ್ರಾಬ್ಲಮ್ ಸರ್, ಫಾರ್ಮ್ಯಾಟ್ ಮಾಡಿ” ಅಂದರು, ಆಮೇಲೆ ರ‍್ಯಾಮ್ ಮೇಲೆ ಹಾಕಿದರು, ಕೊನೆಗೆ ನಿಮ್ಮ ಏರಿಯಾದಲ್ಲಿ ಕರೆಂಟ್ ಸರಿ ಇಲ್ಲ ಅಂದರು.

ಟೆಂಪರೇಚರ್ ನೋಡಿದೆವು, ಜಾಸ್ತಿ ಇರಲಿಲ್ಲ. ಪ್ರೊಸೆಸರ್ ಒಂದಕ್ಕೇ ಲೋಡ್ ಕೊಟ್ಟರೆ ಆಫ್ ಆಗ್ತಿರಲಿಲ್ಲ. ಕಾರ್ಡಿನ ಪವರ್ ಲಿಮಿಟ್ ಇಳಿಸಿ, ಗೇಮನ್ನು 60 ಎಫ್‌ಪಿಎಸ್‌ಗೆ ಕಟ್ಟಿಹಾಕಿದರೆ ಗಂಟೆಗಟ್ಟಲೆ ಆಡಬಹುದಿತ್ತು. ಆಗ ಅನುಮಾನ ಪೂರ್ತಿ ಎಸ್‌ಎಂಪಿಎಸ್ ಕಡೆ ತಿರುಗಿತು.

ಕ್ಯಾಬಿನೆಟ್ ಬಿಚ್ಚಿದಾಗ ಹೊಟ್ಟೆ ಉರಿದುಹೋಯ್ತು. ಕಾರ್ಡಿಗೆ ಒಂದು 8 ಪಿನ್, ಒಂದು 6 ಪಿನ್ ಕನೆಕ್ಟರ್ ಬೇಕು. ಈ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದೇ 6 ಪಿನ್. 8 ಪಿನ್ನಿಗೆ ಹಳೇ ಮೋಲೆಕ್ಸ್ ಕನೆಕ್ಟರ್‌ನಿಂದ ಕನ್ವರ್ಟರ್ ಹಾಕಿದ್ದರು. ಆ ಕನ್ವರ್ಟರಿನ ಹಳದಿ ವೈರ್ ಪಿನ್ನಿನ ಹತ್ತಿರ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಕಡೆ ವಾಲಿತ್ತು. ಇನ್ನೂ ಕೆಲವು ದಿನ ಬಿಟ್ಟಿದ್ದರೆ ಏನಾಗ್ತಿತ್ತೋ.

ಲೇಬಲ್ ನೋಡಿದರೆ ದೊಡ್ಡ ಅಕ್ಷರದಲ್ಲಿ 600, ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಮುಂದೆ ಒಟ್ಟು 32 ಆಂಪಿಯರ್. 12 ಗುಣಿಸು 32 ಅಂದರೆ 384 ವ್ಯಾಟ್. ಈಗಿನ ಪಿಸಿಯಲ್ಲಿ ಪ್ರೊಸೆಸರ್, ಕಾರ್ಡ್ ಎರಡೂ ಕರೆಂಟ್ ಎಳೆಯೋದು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್‌ನಿಂದಲೇ. 3.3 ಮತ್ತು 5 ವೋಲ್ಟ್ ಲೈನುಗಳನ್ನು ಸೇರಿಸಿ ಸಂಖ್ಯೆ ಉಬ್ಬಿಸಿದರೆ ಕಾರ್ಡಿಗೆ ಏನೂ ಪ್ರಯೋಜನವಿಲ್ಲ. ಒಳ್ಳೆಯ 650 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಒಂದರಲ್ಲೇ ಸುಮಾರು 54 ಆಂಪಿಯರ್ ಇರುತ್ತೆ.

ತಮ್ಮನ ಪಿಸಿಯ ಲೆಕ್ಕ ಹೀಗಿದೆ. ಕಾರ್ಡ್ 230 ವ್ಯಾಟ್, ಪ್ರೊಸೆಸರ್ ಫುಲ್ ಲೋಡ್‌ನಲ್ಲಿ ಸುಮಾರು 76, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲಾ ಸೇರಿ ಒಂದು 50 ಹಿಡಿಯಿರಿ. 356 ಆಯ್ತು. 384ರ ಒಳಗೇ ಇದೆಯಲ್ಲ ಅನ್ನಿಸುತ್ತೆ, ಆದರೆ 230 ಅನ್ನೋದು ಸರಾಸರಿ ಮಾತ್ರ, ಗ್ರಾಫಿಕ್ಸ್ ಕಾರ್ಡುಗಳು ಕೆಲವು ಮಿಲಿಸೆಕೆಂಡ್ ಹೊತ್ತು ಅದಕ್ಕಿಂತ ಎಷ್ಟೋ ಜಾಸ್ತಿ ಎಳೀತವೆ, ಆ ಕ್ಷಣಕ್ಕೇ ಎಸ್‌ಎಂಪಿಎಸ್ ಕೈಚೆಲ್ಲೋದು. ಈ ಕಾರ್ಡಿಗೆ ಎಎಂಡಿ ಕಂಪನಿಯೇ ಹೇಳೋದು 650 ವ್ಯಾಟ್. ಮುಂದೆ ದೊಡ್ಡ ಕಾರ್ಡ್ ಹಾಕೋ ಯೋಚನೆ ಇದ್ದರೆ 750 ತಗೊಳ್ಳಿ. ಸುಮ್ನೆ 1000ಕ್ಕೆ ದುಡ್ಡು ಹಾಕಬೇಡಿ.

ಎಸ್‌ಎಂಪಿಎಸ್ ಮೇಲಿನ ‘80 ಪ್ಲಸ್’ ಬ್ರಾಂಜ್, ಗೋಲ್ಡ್ ಸ್ಟಿಕ್ಕರ್ ಬಗ್ಗೆಯೂ ಅಂಗಡಿಗಳಲ್ಲಿ ತಪ್ಪು ಮಾತು ಜಾಸ್ತಿ. “ಬ್ರಾಂಜ್ ಆದ್ರೆ 650ರಲ್ಲಿ 85 ಪರ್ಸೆಂಟೇ ಸಿಗೋದು ಸರ್” ಅಂತಾರೆ. ಹಾಗಲ್ಲ. 650 ಪೂರ್ತಿ ಒಳಗೆ ಸಿಗುತ್ತೆ, ನಷ್ಟ ಆಗೋದು ಗೋಡೆಯ ಸಾಕೆಟ್‌ನಿಂದ ಎಳೆಯುವಾಗ. 350 ವ್ಯಾಟ್ ಲೋಡಿಗೆ ಶೇ. 88 ದಕ್ಷತೆಯ ಬ್ರಾಂಜ್ ಸುಮಾರು 398 ಎಳೆದರೆ, ಶೇ. 92ರ ಗೋಲ್ಡ್ 380 ಎಳೆಯುತ್ತೆ. ದಿನಕ್ಕೆ ನಾಲ್ಕು ಗಂಟೆ ಆಡಿದರೂ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ. ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ಹದಿನೈದು ರೂಪಾಯಿ. ಹಾಗಾಗಿ ಕರೆಂಟ್ ಉಳಿಸೋಕೆ ಅಂತ ಗೋಲ್ಡ್‌ಗೆ ಸಾವಿರಾರು ರೂಪಾಯಿ ಜಾಸ್ತಿ ಕೊಡಬೇಡಿ. ಈ ರೇಟಿಂಗ್ ದಕ್ಷತೆಯನ್ನು ಅಳೆಯುತ್ತೆ ಅಷ್ಟೇ. ಓವರ್‌ಲೋಡ್, ಶಾರ್ಟ್ ಆದಾಗ ಎಸ್‌ಎಂಪಿಎಸ್ ಸರಿಯಾದ ಸಮಯಕ್ಕೆ ಕಟ್ ಆಗುತ್ತಾ ಅನ್ನೋದನ್ನು ಪರೀಕ್ಷೆ ಮಾಡಲ್ಲ. ಆ ಮಾಡೆಲನ್ನು ಬಿಚ್ಚಿ ಪರೀಕ್ಷಿಸಿದ ರಿವ್ಯೂ ಇದೆಯಾ, ವಾರಂಟಿ ಐದು ವರ್ಷವಾದರೂ ಇದೆಯಾ ನೋಡಿ.

ಅಂಗಡಿಯಲ್ಲೇ ಕಣ್ಣಿಗೆ ಕಾಣುವ ಇನ್ನೊಂದು ಗುರುತು ಇದೆ. ಎಸ್‌ಎಂಪಿಎಸ್ ಹಿಂಬದಿಯಲ್ಲಿ ಕೆಂಪು ಬಣ್ಣದ 115/230 ವೋಲ್ಟ್ ಸ್ವಿಚ್ ಇದ್ದರೆ ಅದು ಹಳೇ ಕಾಲದ ಡಿಸೈನ್, ಬೇಡ ಅನ್ನಿ. ತಮ್ಮನದ್ದರಲ್ಲಿ ಅದೂ ಇತ್ತು.

ವಾಪಸ್ ಕೇಳೋಕೆ ಹೋದರೆ, “ವಾರಂಟಿಯಲ್ಲಿ ಇದೇ ಮಾಡೆಲ್ ಕೊಡ್ತೀವಿ” ಅಂದರು. ಬಿಲ್ಲಿನಲ್ಲಿ ಮಾಡೆಲ್ಲೂ ಇಲ್ಲ, ಸೀರಿಯಲ್ ನಂಬರ್ರೂ ಇಲ್ಲ, ವಾದ ಮಾಡೋಕೆ ನಮ್ಮ ಕೈಲಿ ಏನೂ ಇರಲಿಲ್ಲ. ಬೇರೆ ಅಂಗಡಿಯಲ್ಲಿ 650 ವ್ಯಾಟಿನ ಬ್ರಾಂಜ್ ತಗೊಂಡು ಹಾಕಿದೆವು. ಅದರಲ್ಲಿ ಕಾರ್ಡಿಗೆ ಬೇಕಾದ ಎರಡೂ ಕನೆಕ್ಟರ್ ನೇರವಾಗೇ ಇದ್ದವು. ಪವರ್ ಲಿಮಿಟ್ ತೆಗೆದು ಆಡಿದರೂ ಪಿಸಿ ಒಮ್ಮೆಯೂ ಆಫ್ ಆಗಿಲ್ಲ, ಕಾರ್ಡೂ ಪುಣ್ಯಕ್ಕೆ ಉಳಿದಿದೆ.